ಎಡಗಾಲಿಗೆ ಒಂದು ಸೆಂಟಿಮೀಟರ್: ಶಾಲೆಗೆ ಬರೆದ ಎರಡು ಪತ್ರಗಳು

ಆ ತಾಯಿ ಚೀಲದಿಂದ ಒಂದು ಜೊತೆ ಕಪ್ಪು ಶಾಲಾ ಶೂ ತೆಗೆದು ನನ್ನ ಮೇಜಿನ ಮೇಲೆ ಬೋರಲು ಇಟ್ಟರು. ಜೂನ್‌ನಲ್ಲಿ ಕೊಂಡದ್ದು. ಅವರು ಬಂದಾಗ ಸೆಪ್ಟೆಂಬರ್ ಮೊದಲ ವಾರ. ಬಲಗಾಲಿನ ಶೂ ಅಡಿ ಇನ್ನೂ ಹೊಸದರ ಹಾಗೇ ಇತ್ತು. ಎಡಗಾಲಿನದರಲ್ಲಿ ಕಿರುಬೆರಳಿನಿಂದ ಹಿಮ್ಮಡಿವರೆಗೆ ಹೊರ ಅಂಚು ಪೂರ್ತಿ ಸವೆದು, ಅಡಿಯ ಗೆರೆಗಳೇ ಅಳಿಸಿಹೋಗಿದ್ದವು. ಒಳಗೆ ಕೈ ಹಾಕಿದರೆ ತುದಿಯಲ್ಲಿ ಒಂದು ಹತ್ತಿ ಉಂಡೆ ಸಿಕ್ಕಿತು. ಬೆವರಿಗೆ ನೆನೆದು ಒಣಗಿ ಕಲ್ಲಿನಂತೆ ಆಗಿತ್ತು. 'ಸಡಿಲ ಆಗುತ್ತೆ ಅಂತ ನಾನೇ ತುರುಕಿದ್ದು ಸಾರ್' ಅಂದರು.

ನಾನು ದಾವಣಗೆರೆಯಲ್ಲಿ ಕ್ಯಾಲಿಪರ್, ಕೃತಕ ಕಾಲು, ವಿಶೇಷ ಶೂ ಮಾಡುವ ಕೆಲಸದವನು. ಕಾಲು ಅಳೆಯುವುದು, ಅಚ್ಚು ತೆಗೆಯುವುದು, ಶೂ ಮಾಡಿಕೊಡುವುದು ನನ್ನ ದಿನದ ಕೆಲಸ. ಪತ್ರ ಬರೆಯುವುದು ಅಲ್ಲ. ಆದರೆ ಮಕ್ಕಳ ಶೂ ವಿಷಯದಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳುತ್ತೇನೆ: 'ಶೂ ಚೆನ್ನಾಗಿದೆ ಸಾರ್, ಸ್ಕೂಲಲ್ಲಿ ಬಿಡಲ್ಲ ಅಂತಾರೆ.' ಹಾಗೆ ಆದರೆ ಶೂ ಮನೆಯ ಕಪಾಟಿನಲ್ಲಿ ಕೂರುತ್ತದೆ. ಮಗು ದಿನಕ್ಕೆ ಏಳೆಂಟು ಗಂಟೆ ಶಾಲೆಯಲ್ಲಿರುತ್ತದೆ. ಸಂಜೆ ಎರಡು ಗಂಟೆ ಹಾಕಿಕೊಂಡರೆ ಏನು ಪ್ರಯೋಜನ? ಅದಕ್ಕೇ ಈ ಒಂದು ಪ್ರಕರಣವನ್ನು ಮೊದಲಿಂದ ಕೊನೆವರೆಗೆ ಬರೆಯುತ್ತಿದ್ದೇನೆ. ಮನೆಯವರು ಒಪ್ಪಿದ್ದಾರೆ. ಹುಡುಗಿಯನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ. ಶಾಲೆಯ ಹೆಸರು ಬೇಡ.

ಪುಟ್ಟಿಗೆ ಆಗ ಎಂಟು ವರ್ಷ, ಮೂರನೇ ತರಗತಿ. ಹುಟ್ಟಿದಾಗಲೇ ಎಡಪಾದ ಒಳಕ್ಕೆ ತಿರುಗಿತ್ತು. ನಮ್ಮ ಕಡೆ ಸೊಟ್ಟಗಾಲು ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಕ್ಲಬ್ ಫೂಟ್ ಅಂತ ಬರೆಯುತ್ತಾರೆ. ಹುಟ್ಟಿದ ಕೆಲವೇ ವಾರಗಳಲ್ಲಿ ಪೊನ್ಸೆಟಿ ಪದ್ಧತಿಯಲ್ಲಿ ವಾರ ವಾರ ಪ್ಲಾಸ್ಟರ್ ಬದಲಿಸಿ ಪಾದ ನೇರ ಮಾಡಿದ್ದರು. ಅದಾದ ಮೇಲೆ ಎರಡೂ ಶೂಗಳ ನಡುವೆ ಸರಳು ಇರುವ ಬ್ರೇಸ್ ಹಾಕಬೇಕು. ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ದಿನಪೂರ್ತಿ, ಆಮೇಲೆ ರಾತ್ರಿ ಹೊತ್ತು, ನಾಲ್ಕು ಐದು ವರ್ಷದವರೆಗೆ. ಪುಟ್ಟಿ ರಾತ್ರಿಯೆಲ್ಲಾ ಅಳುತ್ತಾಳೆ ಅಂತ ಇವರು ಎರಡು ವರ್ಷಕ್ಕೇ ಬಿಟ್ಟರು. ಪಾದ ಮತ್ತೆ ತಿರುಗುವುದಕ್ಕೆ ಇದಕ್ಕಿಂತ ಸಾಮಾನ್ಯ ಕಾರಣ ಇನ್ನೊಂದಿಲ್ಲ. ಐದು ವರ್ಷದಲ್ಲಿ ಪಾದ ಮರಳಿ ವಾಲಿತು. ಮತ್ತೆ ಪ್ಲಾಸ್ಟರ್, ಆಮೇಲೆ ಒಂದು ಸ್ನಾಯುರಜ್ಜುವನ್ನು ಪಾದದ ಹೊರಗಡೆಗೆ ಸರಿಸುವ ಆಪರೇಷನ್.

ಈಗ ಪಾದ ಬಹಳ ಮಟ್ಟಿಗೆ ನೇರ ಇದೆ. ಪುಟ್ಟಿ ಓಡುತ್ತಾಳೆ, ಕುಂಟಾಬಿಲ್ಲೆ ಆಡುತ್ತಾಳೆ. ಆದರೆ ಒಂದೇ ಕಡೆ ಸೊಟ್ಟಗಾಲು ಇದ್ದ ಮಕ್ಕಳಲ್ಲಿ ಆ ಪಾದ ಇನ್ನೊಂದಕ್ಕಿಂತ ಚಿಕ್ಕದಾಗಿ, ಅಗಲವಾಗಿ ಉಳಿಯುತ್ತದೆ. ಮೀನಖಂಡ ತೆಳ್ಳಗಿರುತ್ತದೆ. ಕಾಲಿನ ಉದ್ದವೂ ಸ್ವಲ್ಪ ಕಡಿಮೆ ಇರಬಹುದು. ನಾನು ಅಳೆದಾಗ ಬಲಪಾದ 19.2 ಸೆಂಟಿಮೀಟರ್, ಎಡಪಾದ 17.8. ಅಂದರೆ ಅಂಗಡಿಯ ಲೆಕ್ಕದಲ್ಲಿ ಒಂದೂವರೆ ಸೈಜ್‌ಗೂ ಸ್ವಲ್ಪ ಜಾಸ್ತಿ ವ್ಯತ್ಯಾಸ. ಎಡಗಾಲಿನ ಕೆಳಗೆ ತೆಳು ಹಲಗೆಗಳನ್ನು ಒಂದರ ಮೇಲೊಂದು ಇಡುತ್ತಾ ಹೋದೆ. ಸೊಂಟ ಮಟ್ಟಕ್ಕೆ ಬಂದದ್ದು 1.5 ಸೆಂಟಿಮೀಟರ್‌ಗೆ.

ಇಂಥ ಕಾಲಿಗೆ ಮಾಮೂಲಿ ಶೂ ಏನು ಮಾಡುತ್ತದೆ ಅನ್ನುವುದು ಮೇಜಿನ ಮೇಲಿದ್ದ ಆ ಶೂನಲ್ಲೇ ಕಾಣುತ್ತಿತ್ತು. ಬಲಗಾಲಿನ ಅಳತೆಗೆ ಜೊತೆ ಕೊಳ್ಳುತ್ತಾರೆ. ಎಡಪಾದ ಒಳಗೆ ಜಾರುತ್ತದೆ. ಹತ್ತಿ ತುರುಕಿದರೆ ಬೆರಳು ಒತ್ತುತ್ತದೆಯೇ ಹೊರತು ಹಿಮ್ಮಡಿ ಹಿಡಿತಕ್ಕೆ ಬರುವುದಿಲ್ಲ. ಹಿಮ್ಮಡಿ ಹಿಡಿತ ಇಲ್ಲದಿದ್ದರೆ ಪಾದ ಹೊರ ಅಂಚಿನ ಮೇಲೆ ವಾಲುತ್ತದೆ. ಪುಟ್ಟಿಯ ಸಾಕ್ಸ್ ತೆಗೆಸಿ ನೋಡಿದೆ. ಪಾದದ ಹೊರ ಅಂಚಿನ ನಡುಭಾಗದಲ್ಲಿ, ಕಿರುಬೆರಳಿನ ಮೂಳೆ ಉಬ್ಬಿರುವ ಜಾಗದಲ್ಲಿ, ಹಳದಿ ಆಣಿ ಕಟ್ಟಿತ್ತು. ಸುತ್ತ ಕೆಂಪು. ಅರ್ಧ ಗಂಟೆ ಬರಿಗಾಲಲ್ಲಿ ಕೂರಿಸಿದೆ. ಶೂ ಬಿಚ್ಚಿದ ಮೇಲೆ ಇಪ್ಪತ್ತು, ಮೂವತ್ತು ನಿಮಿಷದಲ್ಲಿ ಹೋಗುವ ಕೆಂಪಿಗೆ ಹೆದರಬೇಕಿಲ್ಲ. ಇದು ಹೋಗಲಿಲ್ಲ.

ಮನೆಯವರು ಅಷ್ಟರಲ್ಲಿ ಸುಮ್ನೆ ಕೂತಿರಲಿಲ್ಲ. ಆಗಸ್ಟ್‌ನಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದ್ದರು. ಅವರು ಚೀಟಿಯಲ್ಲಿ 'ಶೂ ಮಾಡಿಫಿಕೇಷನ್, ಎಡ' ಅಂತ ಒಂದು ಸಾಲು ಬರೆದಿದ್ದರು. ಮಾಡಿಫಿಕೇಷನ್ ಅಂದರೆ ಮೆತ್ತನೆ ಶೂ ಇರಬೇಕು ಅಂದುಕೊಂಡ ತಂದೆ ಗುಲಾಬಿ ಪಟ್ಟಿಯ ಸ್ಪೋರ್ಟ್ಸ್ ಶೂ ತಂದು, ಶಾಲೆಗೆ ಒಂದು ಪತ್ರ ಬರೆದುಕೊಟ್ಟರು. ಅದರ ನಕಲು ಇರಲಿಲ್ಲ. ನೆನಪಿನಿಂದ ಹೇಳಿದ್ದು ಹೀಗೆ: 'ನನ್ನ ಮಗಳಿಗೆ ಹುಟ್ಟಿನಿಂದ ಕಾಲು ತೊಂದರೆ ಇದ್ದು, ಬಹಳ ಕಷ್ಟಪಟ್ಟು ಆಪರೇಷನ್ ಮಾಡಿಸಿದ್ದೇವೆ. ಆದ್ದರಿಂದ ದಯಮಾಡಿ ಬೇರೆ ಶೂ ಹಾಕಲು ಅವಕಾಶ ಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.'

ಪ್ರಿನ್ಸಿಪಾಲ್ ಮೇಡಂ ಕೂಡಲೇ 'ಆಯ್ತು, ವಾಸಿ ಆಗೋವರೆಗೆ ಹಾಕಲಿ' ಅಂದರಂತೆ. ಎರಡು ವಾರ ಏನೂ ಆಗಲಿಲ್ಲ. ಮೂರನೇ ಶನಿವಾರ ಪಿಟಿ ಮಾಸ್ತರು ಪ್ರಾರ್ಥನೆಯ ಸಾಲಿನಿಂದ ಪುಟ್ಟಿಯನ್ನು ಹೊರಗೆ ಕರೆದು ನಿಲ್ಲಿಸಿದರು. ಶನಿವಾರ ಬಿಳಿ ಶೂ. ಅವಳ ಕಾಲಲ್ಲಿ ಗುಲಾಬಿ ಪಟ್ಟಿಯದು. 'ಕಾಲು ನೋವು' ಅಂದಳು. 'ಓಡುವಾಗ ನೋವಿಲ್ವಾ?' ಅಂದರು ಅವರು. ಸೋಮವಾರದಿಂದ ಪುಟ್ಟಿ ತಾನೇ ಹಟ ಮಾಡಿ ಹಳೇ ಶೂ ಹಾಕಿಕೊಂಡು ಹೋದಳು.

ಆ ಮಾಸ್ತರನ್ನು ಬೈಯುವುದು ಸುಲಭ. ಆದರೆ ಅವರ ಕೈಗೆ ಆ ಪತ್ರ ಬಂದೇ ಇರಲಿಲ್ಲ. ಬಂದಿದ್ದರೂ ಅದರಲ್ಲಿ ಅವರಿಗೆ ಬೇಕಾದದ್ದು ಏನಿತ್ತು? 'ಬೇರೆ ಶೂ' ಅಂದರೆ ಯಾವ ಶೂ ಅಂತ ಇಲ್ಲ. ಎಷ್ಟು ದಿನ ಅಂತ ಇಲ್ಲ. ಶನಿವಾರ ಏನು ಮಾಡಬೇಕು ಅಂತ ಇಲ್ಲ. ಮೇಡಂ 'ವಾಸಿ ಆಗೋವರೆಗೆ' ಅಂದದ್ದು ಉಳುಕಿನ ಲೆಕ್ಕದಲ್ಲಿ. ಈ ಪಾದ ಹಾಗೆ ವಾಸಿ ಆಗುವಂಥದ್ದಲ್ಲ, ಬೆಳವಣಿಗೆ ಮುಗಿಯುವವರೆಗೆ ನೋಡಿಕೊಳ್ಳಬೇಕಾದದ್ದು. ಪತ್ರ ಕೇಳಿದ್ದು ದಯೆಯನ್ನು. ದಯೆ ಸಿಕ್ಕಿತು, ಎರಡು ವಾರ ಇತ್ತು, ಮುಗಿಯಿತು.

ಮೊದಲು ಶೂ ಮುಗಿಸೋಣ, ಪತ್ರ ಆಮೇಲೆ ಅಂದೆ. ಯಾಕೆಂದರೆ ಕೈಯಲ್ಲಿ ಇಲ್ಲದ ಶೂ ಬಗ್ಗೆ ಬರೆದ ಪತ್ರ ಮತ್ತೆ ಗಾಳಿಯಲ್ಲೇ ತೇಲುತ್ತದೆ.

ಇಲ್ಲಿ ನನ್ನ ಕಡೆಯಿಂದಲೇ ಒಂದು ತಪ್ಪು ಆಗುತ್ತಿತ್ತು. ನಮ್ಮ ಕಾರ್ಯಾಗಾರದಲ್ಲಿ ಮಕ್ಕಳ ಶೂಗೆ ರೂಢಿಯಲ್ಲಿ ಕಂದು ಚರ್ಮ ಹಾಕುತ್ತೇವೆ. ಅಳತೆ ಚೀಟಿಯಲ್ಲಿ ಬಣ್ಣಕ್ಕೆ ಅಂತ ಒಂದು ಗೆರೆಯೇ ಇರಲಿಲ್ಲ. ಅಚ್ಚು ತೆಗೆಯುವಾಗ ಪುಟ್ಟಿಯೇ ಗೋಡೆಗೆ ನೇತುಹಾಕಿದ್ದ ಒಂದು ಕಂದು ಜೊತೆ ನೋಡಿ, 'ಇದೇ ಬಣ್ಣನಾ?' ಅಂತ ಕೇಳಿದಳು. 'ನಿಂಗೆ ಯಾವ್ದು ಬೇಕು?' ಅಂದೆ. 'ಕಪ್ಪು. ಎಲ್ಲರದ್ದೂ ಕಪ್ಪು.' ಚರ್ಮದ ಬೆಲೆಯಲ್ಲಿ ವ್ಯತ್ಯಾಸವೇನೂ ಇಲ್ಲ. ಕೇಳಬೇಕು ಅಷ್ಟೇ. ಅಂದಿನಿಂದ ನಮ್ಮ ಚೀಟಿಯಲ್ಲಿ 'ಶಾಲೆಯ ಶೂ ಬಣ್ಣ' ಅಂತ ಒಂದು ಸಾಲು ಸೇರಿಸಿದ್ದೇವೆ. ನನ್ನ ಅನುಭವದಲ್ಲಿ ಶಾಲೆಯವರ ಅರ್ಧ ತಕರಾರು ಇಲ್ಲೇ ಕರಗುತ್ತದೆ. ದೂರದಿಂದ ನೋಡಿದರೆ ಕಪ್ಪು ಶೂ ಕಪ್ಪು ಶೂನೇ.

ಮಾಡಿದ್ದು ಹೀಗೆ. ಕಣಕಾಲು ಮುಚ್ಚುವಷ್ಟು ಎತ್ತರದ ಕಪ್ಪು ಚರ್ಮದ ಶೂ, ಎರಡು ಕಾಲಿಗೆ ಎರಡು ಅಳತೆ. ಎಡಗಾಲಿನದಕ್ಕೆ ಒಳಅಂಚು ನೇರ, ಹಿಮ್ಮಡಿಯ ಹಿಂಭಾಗ ಗಟ್ಟಿ. ಒಳಗೆ ಅಚ್ಚಿನಿಂದ ಮಾಡಿದ ಮೆತ್ತೆ, ಹೊರ ಅಂಚಿನ ಕಡೆ ಸ್ವಲ್ಪ ಎತ್ತರ, ಆಣಿ ಇರುವ ಜಾಗದಲ್ಲಿ ಸಣ್ಣ ತಗ್ಗು. ಶೂ ಅಡಿಗೆ ಎಂಸಿಆರ್ ಅನ್ನುವ ಹಗುರ ರಬ್ಬರ್ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎತ್ತರ, ಬೆರಳಿನ ಕಡೆಗೆ ಇಳಿಜಾರು, ಇಲ್ಲದಿದ್ದರೆ ಹೆಜ್ಜೆ ಉರುಳುವುದಿಲ್ಲ. ವ್ಯತ್ಯಾಸ 1.5 ಇದ್ದರೂ ಒಂದೇ ಕೊಟ್ಟದ್ದು ಬೇಕಂತಲೇ. ಇಷ್ಟು ವರ್ಷ ಆ ಕೊರತೆಗೆ ಒಗ್ಗಿದ ಸೊಂಟಕ್ಕೆ ಪೂರ್ತಿ ಎತ್ತರ ಒಂದೇ ಸಲ ಕೊಡುವುದು ರೂಢಿಯಲ್ಲ, ಡಾಕ್ಟರೂ ಹಾಗೇ ಹೇಳಿದರು. ದಾರದ ಬದಲು ವೆಲ್ಕ್ರೋ ಪಟ್ಟಿ. ಪುಟ್ಟಿಯ ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಹೋಗುವಾಗ ಶೂ ಬಿಚ್ಚಬೇಕು. ಕಣಕಾಲಿನ ತನಕ ದಾರ ಕಟ್ಟುವ ಶೂ ಆದರೆ ಮಗು ದಿನಾ ಕೊನೆಯವಳಾಗಿ ಒಳಗೆ ಹೋಗುತ್ತದೆ.

ಪತ್ರದ ಕೆಲಸಕ್ಕೆ ಕೂತಾಗ ನಾನು ತಂದೆ ತಾಯಿಯನ್ನು ಮೊದಲು ಕೇಳಿದ್ದು, 'ಮೇಡಂ ಏನೇನು ಕೇಳಿದ್ರು?' ಅಂತ. ಆ ಪ್ರಶ್ನೆಗಳೇ ಪತ್ರಕ್ಕೆ ದಾರಿ. ಮೇಡಂ ಕೇಳಿದ್ದ ಒಂದು ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: 'ಯೂನಿಫಾರ್ಮ್ ಶೂಗೇ ಆ ಎತ್ತರ ಕೊಡಕ್ಕಾಗಲ್ವಾ?' ಕೆಲವು ಶೂಗೆ ಆಗುತ್ತದೆ. ಈ ಶಾಲೆಯ ಶೂಗೆ ಆಗುವುದಿಲ್ಲ. ಅದರ ಅಡಿ ಅಚ್ಚಿನಲ್ಲಿ ಎರಕ ಹೊಯ್ದ ಪಿವಿಸಿ, ನಾವು ಮಾಮೂಲಿ ಬಳಸುವ ಅಂಟು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಓಡಾಟದಲ್ಲಿ ಬಿಟ್ಟುಬರುತ್ತದೆ. ಒಳಗೇ ಮೆತ್ತೆ ಇಟ್ಟರೆ ಒಂದು ಸೆಂಟಿಮೀಟರ್‌ಗೆ ಹಿಮ್ಮಡಿ ಶೂನಿಂದ ಮೇಲೆದ್ದು ಬರುತ್ತದೆ. ಅಂಗಡಿಯಲ್ಲಿ ಎರಡು ಕಾಲಿಗೆ ಎರಡು ಸೈಜ್ ಬೇಕೆಂದರೆ ಎರಡು ಜೊತೆ ಕೊಳ್ಳಬೇಕು, ಕೊಂಡರೂ ಅಗಲ ಸಾಲುವುದಿಲ್ಲ. ಇದನ್ನು ಎರಡು ಸಾಲಿನಲ್ಲಿ ಬರೆದರೆ ಮೇಡಂ ಮತ್ತೆ ಕೇಳಬೇಕಾಗಿಲ್ಲ.

ಇನ್ನೊಂದು ಪ್ರಶ್ನೆ ಅವರು ಕೇಳದೆ ಇದ್ದರೂ ಮನಸ್ಸಲ್ಲಿ ಇದ್ದೇ ಇರುತ್ತದೆ. ಒಬ್ಬರಿಗೆ ಬಿಟ್ಟರೆ ಉಳಿದ ಪೋಷಕರೂ ಕೇಳುತ್ತಾರೆ ಅನ್ನುವುದು. ಅದಕ್ಕೆ ಉತ್ತರ ಡಾಕ್ಟರ ಸರ್ಟಿಫಿಕೇಟ್. ಹಳೇ ಚೀಟಿ ಸಾಲದು. ನಾನು ಒಂದು ಹಾಳೆಯಲ್ಲಿ ಬೇಕಾದ ವಿಷಯ ಬರೆದು ಕಳಿಸಿದೆ, ಡಾಕ್ಟರು ತಮ್ಮ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿ ಕೊಟ್ಟರು: ಮಗುವಿನ ಹೆಸರು, ಹುಟ್ಟಿದ ದಿನ, ತೊಂದರೆ ಏನು, ಎಂಥ ಶೂ, ಶಾಲೆಯ ಹೊತ್ತಿನಲ್ಲೂ ಯಾಕೆ ಬೇಕು, ಮುಂದಿನ ತಪಾಸಣೆ ಯಾವಾಗ, ಸಹಿ, ಮೊಹರು, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ತಂದೆ ಆಪರೇಷನ್ ಫೈಲ್ ಪೂರ್ತಿ ಜೆರಾಕ್ಸ್ ಮಾಡಿಸಿ ಲಗತ್ತಿಸಲು ಹೊರಟಿದ್ದರು. ಬೇಡ ಅಂದೆ. ಆಫೀಸಿನ ಫೈಲ್ ಯಾರ ಯಾರ ಕೈಗೋ ಹೋಗುತ್ತದೆ. ಶಾಲೆಗೆ ಬೇಕಾದದ್ದು ಶೂ ವಿಷಯ ಮಾತ್ರ.

ಪುಟ್ಟಿಯನ್ನೂ ಕೇಳಿದೆವು. ಅವಳಿಗೆ ಒಂದೇ ಭಯ. ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ 'ಇವಳಿಗೆ ಕಾಲು ತೊಂದರೆ ಇದೆ, ಯಾರೂ ನಗಬಾರದು' ಅಂತ ಮೈಕಿನಲ್ಲಿ ಹೇಳಿಬಿಟ್ಟರೆ ಅಂತ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳುವವರು ಇದ್ದಾರೆ. ಅದಕ್ಕೂ ಪತ್ರದಲ್ಲಿ ಒಂದು ಸಾಲು ಬಂತು.

ತಾಯಿ ಬರೆದ ಎರಡನೇ ಪತ್ರ ಇದು. ಹೆಸರು, ವಿಳಾಸ ಮಾತ್ರ ತೆಗೆದಿದ್ದೇನೆ.

ಇವರಿಂದ,
(ತಾಯಿ ಮತ್ತು ತಂದೆಯ ಹೆಸರು, ವಿಳಾಸ, ಫೋನ್ ನಂಬರ್)

ಇವರಿಗೆ,
ಪ್ರಾಂಶುಪಾಲರು,
(ಶಾಲೆಯ ಹೆಸರು), ದಾವಣಗೆರೆ

ಮಾನ್ಯರೇ,

ವಿಷಯ: 3ನೇ ತರಗತಿಯ ನಮ್ಮ ಮಗಳು (ಹೆಸರು) ಸಮವಸ್ತ್ರದ ಶೂ ಬದಲು ವೈದ್ಯರು ಸೂಚಿಸಿದ ಕಪ್ಪು ಆರ್ಥೋಪೆಡಿಕ್ ಶೂ ಧರಿಸಲು ಅನುಮತಿ ಕೋರಿ.

ನಮ್ಮ ಮಗಳಿಗೆ ಹುಟ್ಟಿನಿಂದ ಎಡಪಾದದ ತೊಂದರೆ ಇದ್ದು, ಚಿಕಿತ್ಸೆ ಆಗಿದೆ. ಈಗ ಎಡಪಾದ ಬಲಪಾದಕ್ಕಿಂತ 1.4 ಸೆಂ.ಮೀ. ಚಿಕ್ಕದಿದೆ. ಎಡಗಾಲು 1.5 ಸೆಂ.ಮೀ. ಗಿಡ್ಡ ಇದೆ. ಸಮವಸ್ತ್ರದ ಶೂ ಹಾಕಿದಾಗ ಪಾದ ಹೊರಕ್ಕೆ ವಾಲಿ ಆಣಿ ಕಟ್ಟಿದೆ. ಆದ್ದರಿಂದ ವೈದ್ಯರು ಅಳತೆಗೆ ಮಾಡಿಸಿದ ಶೂವನ್ನು ಶಾಲೆಯ ವೇಳೆಯಲ್ಲೂ ಹಾಕಬೇಕೆಂದು ಹೇಳಿದ್ದಾರೆ.

ಶೂ ಪೂರ್ತಿ ಕಪ್ಪು ಚರ್ಮದ್ದು. ಸಮವಸ್ತ್ರದ ಶೂಗಿಂತ ವ್ಯತ್ಯಾಸ ಮೂರು: ಕಣಕಾಲಿನವರೆಗೆ ಎತ್ತರ ಇದೆ, ದಾರದ ಬದಲು ಪಟ್ಟಿ ಇದೆ, ಎಡಗಾಲಿನ ಅಡಿ 1 ಸೆಂ.ಮೀ. ದಪ್ಪ ಇದೆ. ಸಮವಸ್ತ್ರದ ಶೂಗೆ ಈ ಬದಲಾವಣೆ ಮಾಡಿಸಲು ವಿಚಾರಿಸಿದೆವು. ಅದರ ಅಡಿಗೆ ಎತ್ತರದ ಹಾಳೆ ಅಂಟುವುದಿಲ್ಲ, ಎರಡು ಕಾಲಿಗೆ ಎರಡು ಅಳತೆಯೂ ಸಿಗುವುದಿಲ್ಲ ಎಂದು ತಿಳಿಯಿತು. ಶೂವಿನ ಫೋಟೋ ಲಗತ್ತಿಸಿದ್ದೇವೆ. ತಾವು ನೋಡಬೇಕೆಂದರೆ ತಂದು ತೋರಿಸುತ್ತೇವೆ.

ಬುಧವಾರ ಮತ್ತು ಶನಿವಾರ ಬಿಳಿ ಶೂ ದಿನಗಳಲ್ಲೂ ಇದೇ ಕಪ್ಪು ಶೂ ಹಾಕಲು ಅನುಮತಿ ಕೋರುತ್ತೇವೆ. ಕ್ಯಾನ್ವಾಸ್ ಶೂ ಹಿಮ್ಮಡಿಯನ್ನು ಹಿಡಿಯುವುದಿಲ್ಲ, ಇಂಥದ್ದೇ ಎರಡನೇ ಜೊತೆ ಮಾಡಿಸುವುದು ಸದ್ಯ ನಮಗೆ ಕಷ್ಟ. ಉಳಿದ ಸಮವಸ್ತ್ರ, ಸಾಕ್ಸ್ ಎಲ್ಲವೂ ನಿಯಮದಂತೆ ಇರುತ್ತದೆ.

ಮಗಳು ಪಿಟಿ, ಓಟ, ಆಟ ಎಲ್ಲದರಲ್ಲೂ ಈ ಶೂ ಹಾಕಿಕೊಂಡೇ ಭಾಗವಹಿಸಬಹುದು. ಕಂಪ್ಯೂಟರ್ ಕೋಣೆ, ಯೋಗ ಮುಂತಾದ ಕಡೆ ಒಂದು ಪೀರಿಯಡ್ ಶೂ ಬಿಚ್ಚಿದರೆ ತೊಂದರೆ ಇಲ್ಲ. ಮೈದಾನದಲ್ಲಿ ಬರಿಗಾಲಲ್ಲಿ ಓಡುವುದು ಮಾತ್ರ ಬೇಡ. ಅವಳು ಕಾಲು ನೋವು ಎಂದರೆ ಶೂ ಬಿಚ್ಚಿಸಿ ಕೂರಿಸಿ, ನಮಗೆ ಫೋನ್ ಮಾಡಬೇಕಾಗಿ ವಿನಂತಿ.

ಅನುಮತಿಯನ್ನು ದಸರಾ ರಜೆ ಮುಗಿದ ದಿನದಿಂದ ಈ ಶೈಕ್ಷಣಿಕ ವರ್ಷದ ಕೊನೆಯವರೆಗೆ ಕೋರುತ್ತೇವೆ. ಮುಂದಿನ ಜೂನ್‌ನಲ್ಲಿ ವೈದ್ಯರ ಹೊಸ ಸರ್ಟಿಫಿಕೇಟ್ ತಂದುಕೊಡುತ್ತೇವೆ. ಅನುಮತಿಯನ್ನು ಮಗಳ ಡೈರಿಯಲ್ಲಿ ಒಂದು ಸಾಲು ಬರೆದು ಸಹಿ ಮಾಡಿಕೊಟ್ಟರೆ ಎಲ್ಲಾ ಶಿಕ್ಷಕರಿಗೂ ತಿಳಿಯುತ್ತದೆ. ತರಗತಿಯಲ್ಲಿ ಅಥವಾ ಪ್ರಾರ್ಥನೆಯಲ್ಲಿ ಈ ವಿಷಯ ಹೇಳಬಾರದೆಂದು ಮಗಳ ಆಸೆ, ನಮ್ಮದೂ ಹೌದು.

ಅಂಗವೈಕಲ್ಯ ಇರುವ ಮಕ್ಕಳಿಗೆ ಮಾನ್ಯತೆ ಪಡೆದ ಶಾಲೆಗಳಲ್ಲಿ ಸೂಕ್ತ ಹೊಂದಾಣಿಕೆ ಸಿಗಬೇಕೆಂದು ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ 16ನೇ ಸೆಕ್ಷನ್ ಹೇಳುತ್ತದೆ. ತಾವು ಇದನ್ನು ಪರಿಗಣಿಸುವಿರೆಂದು ನಂಬಿದ್ದೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
(ಇಬ್ಬರ ಸಹಿ, ದಿನಾಂಕ)

ಲಗತ್ತು: ವೈದ್ಯರ ಸರ್ಟಿಫಿಕೇಟ್, ಶೂವಿನ ಫೋಟೋ.

ಕಾನೂನಿನ ಸಾಲು ಹಾಕುವುದೋ ಬೇಡವೋ ಅಂತ ಬಹಳ ಹೊತ್ತು ಮಾತಾಡಿದೆವು. ತಂದೆಗೆ ಅದನ್ನು ಮೊದಲ ಸಾಲಿನಲ್ಲೇ ಹಾಕುವ ಆಸೆ ಇತ್ತು. ಶನಿವಾರದ ಅವಮಾನ ಅವರಿಗೆ ಮರೆತಿರಲಿಲ್ಲ. ನನ್ನ ಅಭಿಪ್ರಾಯ ಬೇರೆ. ಮೇಡಂ ಒಮ್ಮೆಯೂ ಬೇಡ ಅಂದಿಲ್ಲ. ಬೇಡ ಅನ್ನದವರಿಗೆ ಸೆಕ್ಷನ್ ಮುಂದೆ ಹಿಡಿದರೆ ಅವರು ಪತ್ರವನ್ನು ಆಡಳಿತ ಮಂಡಳಿಗೆ ಕಳಿಸುತ್ತಾರೆ, ಅಲ್ಲಿಂದ ಉತ್ತರ ಬರುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಕೊನೆಯಲ್ಲಿ ಒಂದು ಸಾಲು ಇದ್ದರೆ, ನಾಳೆ ಯಾರಾದರೂ ಯಾಕೆ ಬಿಟ್ಟಿರಿ ಅಂತ ಕೇಳಿದಾಗ ಮೇಡಂಗೂ ಅದೇ ಆಧಾರ ಆಗುತ್ತದೆ. ಇನ್ನೊಂದು ಗೊಂದಲವೂ ಇಲ್ಲೇ ಬಗೆಹರಿಯಬೇಕು. ಶೇಕಡಾ 40ರ ಅಂಗವೈಕಲ್ಯ ಪ್ರಮಾಣಪತ್ರ ಇಲ್ಲದೆ ಕೇಳುವ ಹಾಗಿಲ್ಲ ಅಂತ ಹಲವರು ತಿಳಿದಿದ್ದಾರೆ. ಆ 40 ಬರುವುದು ಮೀಸಲಾತಿಯಂಥ ಸೌಲಭ್ಯಗಳಿಗೆ. ಶಾಲೆಯ ಹೊಂದಾಣಿಕೆಯ ವಿಷಯದಲ್ಲಿ 16ನೇ ಸೆಕ್ಷನ್ ಆ ಮಿತಿ ಹಾಕಿಲ್ಲ.

ಪತ್ರವನ್ನು ರಜೆಗೆ ಹತ್ತು ದಿನ ಮೊದಲೇ ಕೊಟ್ಟರು. ಎರಡು ಪ್ರತಿ. ಒಂದು ಶಾಲೆಗೆ, ಇನ್ನೊಂದರ ಮೇಲೆ ಆಫೀಸಿನ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿ ಮನೆಗೆ. ತಾಯಿ ಶೂವನ್ನೂ ಜೊತೆಗೆ ಒಯ್ದಿದ್ದರು. ಮೇಡಂ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ಅಡಿ ನೋಡಿ, 'ಇಷ್ಟೇನಾ? ನಾನು ಕಬ್ಬಿಣದ ಸರಳು ಗಿರಳು ಇರುತ್ತೆ, ಬೇರೆ ಮಕ್ಕಳಿಗೆ ತಾಗುತ್ತೆ ಅಂದ್ಕೊಂಡಿದ್ದೆ' ಅಂದರಂತೆ. ಆ ಅನುಮಾನ ಅಷ್ಟು ದಿನ ಅವರ ಮನಸ್ಸಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅವತ್ತೇ ಡೈರಿಯಲ್ಲಿ ಬರೆದುಕೊಟ್ಟರು: 'ವೈದ್ಯರ ಸಲಹೆಯಂತೆ ವಿಶೇಷ ಕಪ್ಪು ಶೂ ಧರಿಸಲು ಎಲ್ಲಾ ದಿನ ಅನುಮತಿ ಇದೆ.' ಸಹಿ, ಮೊಹರು. ಪಿಟಿ ಮಾಸ್ತರನ್ನು ಕರೆಸಿ ಪತ್ರ ಓದಿಸಿದರು. ಮಾಸ್ತರು ಕೇಳಿದ್ದು ಒಂದೇ, 'ಓಡಿಸಬಹುದಾ ಅಮ್ಮ?' ಅಂತ. ಓಡಿಸಬಹುದು ಅಂತ ಪತ್ರದಲ್ಲೇ ಇತ್ತು.

ದಸರಾ ರಜೆ ಪುಟ್ಟಿಗೆ ಶೂ ಅಭ್ಯಾಸದ ಕಾಲ ಆಯಿತು. ಹೊಸ ಶೂವನ್ನು ಮೊದಲ ದಿನವೇ ಶಾಲೆಗೆ ಹಾಕಿ ಕಳಿಸಿದರೆ ಸಂಜೆಗೆ ಬೊಬ್ಬೆ ಗ್ಯಾರಂಟಿ. ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ ಏರಿಸಿ, ಪ್ರತಿ ಸಲ ಬಿಚ್ಚಿದಾಗ ಕೆಂಪು ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ತಾಯಿ ನೋಡಿದರು. ನಾಲ್ಕನೇ ದಿನ ಕಣಕಾಲಿನ ಒಳಗಡೆ ಮುಕ್ಕಾಲು ಗಂಟೆ ಆದರೂ ಹೋಗಲಿಲ್ಲ. ತಂದುಕೊಟ್ಟರು, ಆ ಅಂಚನ್ನು ಬಡಿದು ಹಿಗ್ಗಿಸಿ ಮೆತ್ತೆ ಹಾಕಿದೆ. ಇದು ಶಾಲೆ ಶುರು ಆದ ಮೇಲೆ ಆಗಿದ್ದರೆ ಪುಟ್ಟಿ ಮತ್ತೆ ಹಳೇ ಶೂಗೆ ಹೋಗುತ್ತಿದ್ದಳು.

ನವೆಂಬರ್, ಡಿಸೆಂಬರ್ ಸಲೀಸಾಗಿ ಕಳೆಯಿತು. ಜನವರಿಯಲ್ಲಿ ಮತ್ತೆ ಒಂದು ತೊಡಕು. ಗಣರಾಜ್ಯೋತ್ಸವದ ಕವಾಯತಿಗೆ ಇಡೀ ತಂಡ ಬಿಳಿ ಶೂ. ತಾಲೀಮು ಕೊಡಿಸಲು ಹೊರಗಿನಿಂದ ಒಬ್ಬರು ಬಂದಿದ್ದರು, ಅವರು ಪುಟ್ಟಿಯನ್ನು ಕೊನೆಯ ಸಾಲಿಗೆ ಹಾಕಿ, ಎರಡು ದಿನದ ಮೇಲೆ ತಂಡದಿಂದಲೇ ಬಿಟ್ಟರು. ಡೈರಿಯಲ್ಲಿ 'ಎಲ್ಲಾ ದಿನ' ಅಂತ ಇತ್ತು. ಆದರೆ ತಾಲೀಮಿಗೆ ಡೈರಿ ಯಾರು ಒಯ್ಯುತ್ತಾರೆ? ತಾಯಿ ನಕಲು ಪ್ರತಿ ಹಿಡಿದು ಮೇಡಂ ಹತ್ತಿರ ಹೋದರು. ಮೇಡಂ ಮೈದಾನಕ್ಕೇ ಬಂದು ಅವಳನ್ನು ವಾಪಸ್ ಸೇರಿಸಿದರು. ಎತ್ತರದ ಪ್ರಕಾರ ಎರಡನೇ ಸಾಲಿನಲ್ಲಿ ಅವಳ ಜಾಗ. ಪತ್ರದಲ್ಲಿ ನಾವು ಬುಧವಾರ, ಶನಿವಾರ ಅಂತಷ್ಟೇ ಬರೆದಿದ್ದೆವು. 'ರಾಷ್ಟ್ರೀಯ ಹಬ್ಬ, ವಾರ್ಷಿಕೋತ್ಸವ, ಕ್ರೀಡಾಕೂಟದ ದಿನಗಳಲ್ಲೂ' ಅಂತ ಸೇರಿಸಬೇಕಿತ್ತು. ಅದು ನಮಗೆ ಹೊಳೆಯಲಿಲ್ಲ.

ಈ ಪತ್ರವನ್ನು ಹಾಗೇ ಎತ್ತಿಕೊಳ್ಳುವವರಿಗೆ ಎರಡು ಮಾತು. ಪುಟ್ಟಿಯ ಪಾದಕ್ಕೆ ಸ್ಪರ್ಶ ಚೆನ್ನಾಗಿದೆ, ಅದಕ್ಕೇ ಬರಿಗಾಲಿನ ವಿಷಯದಲ್ಲಿ ಅಷ್ಟು ಸಡಿಲ ಬಿಟ್ಟಿದ್ದೇವೆ. ಬೆನ್ನುಹುರಿಯ ತೊಂದರೆಯಿಂದ ಪಾದದಲ್ಲಿ ಸ್ಪರ್ಶವೇ ಇಲ್ಲದ ಮಕ್ಕಳಿದ್ದಾರೆ. ಅವರಿಗೆ ಕಲ್ಲು ಚುಚ್ಚಿದರೂ, ಬಿಸಿ ನೆಲಕ್ಕೆ ಸುಟ್ಟರೂ ಗೊತ್ತಾಗುವುದಿಲ್ಲ. ಅವರ ಪತ್ರದಲ್ಲಿ 'ಯಾವ ಕೋಣೆಯಲ್ಲೂ ಶೂ ಬಿಚ್ಚಿಸಬಾರದು' ಅಂತ ಎದ್ದು ಕಾಣುವ ಹಾಗೆ ಬರೆಯಬೇಕು, ಮಗು ನೋವು ಅಂತ ಹೇಳಲಿ ಎಂದು ಕಾಯುವುದೂ ಅಲ್ಲಿ ನಡೆಯುವುದಿಲ್ಲ. ಶೂ ಒಳಗೆ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕುವ ಮಕ್ಕಳಿಗೆ ಶೂ ಜೊತೆ ಉದ್ದ ಸಾಕ್ಸ್‌ಗೂ ಅನುಮತಿ ಬೇಕು, ಇಲ್ಲದಿದ್ದರೆ ಮೀನಖಂಡದ ಹತ್ತಿರ ಚರ್ಮ ಉಜ್ಜುತ್ತದೆ. ಸರ್ಕಾರಿ ಶಾಲೆಯಲ್ಲಿ ವಿದ್ಯಾವಿಕಾಸ ಯೋಜನೆಯ ಶೂ ಕೊಡುವಾಗ ಅಳತೆ ಬರೆದುಕೊಳ್ಳುತ್ತಾರಲ್ಲ, ಅದೇ ಸಮಯದಲ್ಲಿ ಮುಖ್ಯೋಪಾಧ್ಯಾಯರಿಗೆ ಈ ಪತ್ರ ಕೊಟ್ಟುಬಿಡುವುದು ಒಳ್ಳೆಯದು.

ಜೂನ್‌ನಲ್ಲಿ ತಾಯಿ ಮತ್ತೆ ಬಂದರು. ಬಲಪಾದ 20.1, ಎಡಪಾದ 18.5. ಹಳೇ ಶೂನಲ್ಲಿ ಹೆಬ್ಬೆರಳಿನ ಮುಂದೆ ಜಾಗವೇ ಉಳಿದಿರಲಿಲ್ಲ. ಹೊಸ ಅಳತೆ ತೆಗೆದೆ. ಅವರು ಹಳೆಯ ಪತ್ರದ ನಕಲು ಬಿಡಿಸಿ, ನನ್ನ ಮೇಜಿನ ಮೇಲೇ ಪೆನ್ನಿನಿಂದ ಅಂಕಿಗಳನ್ನು ತಿದ್ದಿ, 3 ಹೊಡೆದು 4 ಮಾಡಿ, ಬಿಳಿ ಶೂ ಸಾಲಿನ ಪಕ್ಕ ಗಣರಾಜ್ಯೋತ್ಸವ ಅಂತ ಬರೆದುಕೊಂಡರು. ನಾನು ಅಷ್ಟರಲ್ಲಿ ಹಳೇ ಶೂ ತಿರುಗಿಸಿ ನೋಡಿದೆ. ಎಡಗಾಲಿನ ಅಡಿ ಸವೆದದ್ದು ಹಿಮ್ಮಡಿಯ ಹಿಂದಿನ ಹೊರಮೂಲೆಯಲ್ಲಿ ಸ್ವಲ್ಪ, ಬೆರಳಿನ ಬುಡದ ಹತ್ತಿರ ಸ್ವಲ್ಪ. ಬಲಗಾಲಿನದೂ ಅಲ್ಲೇ ಸವೆದಿತ್ತು.